ಒಂದು ಟ್ಯೂಬ್ ಔಷಧ, 50,000 ಲೀಟರ್ ಹಾಲು

ಕೆಚ್ಚಲು ಬಾವು ಬಂದ ಹಸುವಿನ ಮೊಲೆಯೊಳಗೆ ಏರಿಸುವ ಪುಟ್ಟ ಟ್ಯೂಬ್ ಇರುತ್ತದಲ್ಲ, ಅದರ ಒಂದು ಬಗೆಯಲ್ಲಿ ಪೆನ್ಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ 200 ಮಿಲಿಗ್ರಾಂ ಇರುತ್ತದೆ. ತೂಕದಲ್ಲಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದರೆ ಹಾಲಿನಲ್ಲಿ ಈ ಔಷಧ ಎಷ್ಟರವರೆಗೆ ಇರಬಹುದು ಎಂದು ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಸಂಸ್ಥೆ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. 200 ಮಿಲಿಗ್ರಾಂ ಅಂದರೆ 2,00,000 ಮೈಕ್ರೋಗ್ರಾಂ. ಅದನ್ನು 4ರಿಂದ ಭಾಗಿಸಿದರೆ 50,000. ಆ ಒಂದು ಟ್ಯೂಬಿನ ಔಷಧವೆಲ್ಲ ಹಾಲಿಗೇ ಬಂದರೆ, ಅದನ್ನು ಮಿತಿಯೊಳಗೆ ತರಲು 50,000 ಲೀಟರ್ ಶುದ್ಧ ಹಾಲು ಬೆರೆಸಬೇಕು.

ಔಷಧವೆಲ್ಲ ಹಾಲಿಗೇ ಬರುವುದಿಲ್ಲ, ನಿಜ. ಸ್ವಲ್ಪ ರಕ್ತಕ್ಕೆ ಹೋಗುತ್ತದೆ, ಸ್ವಲ್ಪ ಮೂತ್ರದಲ್ಲಿ ಹೊರಟುಹೋಗುತ್ತದೆ, ಸ್ವಲ್ಪ ಒಡೆದುಹೋಗುತ್ತದೆ. ಆದರೂ ಮುಂದಿನ ಹೊತ್ತು ಕರೆದ ಹಾಲಿನಲ್ಲಿ ಅದರ ದೊಡ್ಡ ಪಾಲು ಬಂದೇ ಬರುತ್ತದೆ. ಅದಕ್ಕೇ ಔಷಧದ ಡಬ್ಬಿಯ ಮೇಲೆ ಒಂದು ಸಂಖ್ಯೆ ಇರುತ್ತದೆ: ಹಾಲಿಗೆ ಇಷ್ಟು ಗಂಟೆ, ಮಾಂಸಕ್ಕೆ ಇಷ್ಟು ದಿನ. ಇದನ್ನು ವಿತ್‌ಡ್ರಾವಲ್ ಅವಧಿ ಎನ್ನುತ್ತಾರೆ. ಕೊನೆಯ ಡೋಸ್ ಕೊಟ್ಟ ಹೊತ್ತಿನಿಂದ ಅಷ್ಟು ಸಮಯ ಮುಗಿಯುವ ತನಕ ಆ ಪ್ರಾಣಿಯ ಹಾಲನ್ನಾಗಲಿ ಮಾಂಸವನ್ನಾಗಲಿ ಮನುಷ್ಯರ ಆಹಾರಕ್ಕೆ ಬಳಸುವಂತಿಲ್ಲ.

ಈ ಸಂಖ್ಯೆಯನ್ನು ಬಹಳ ಜನ ಒಂದು ಸರ್ಕಾರಿ ಕಟ್ಟಳೆಯಂತೆ ನೋಡುತ್ತಾರೆ. ನನ್ನ ಪ್ರಕಾರ ಅದು ಕಟ್ಟಳೆಗಿಂತ ಹೆಚ್ಚಾಗಿ ಒಂದು ಅಳತೆಯ ಫಲಿತಾಂಶ. ಇಂಥ ಡೋಸ್, ಇಂಥ ದಾರಿಯಲ್ಲಿ, ಇಷ್ಟು ಸಲ ಕೊಟ್ಟರೆ, ಇಷ್ಟು ಹೊತ್ತಿಗೆ ಔಷಧ ಮಿತಿಗಿಂತ ಕೆಳಗೆ ಇಳಿದಿರುತ್ತದೆ ಎಂದು ಹಸುಗಳಲ್ಲೇ ಅಳೆದು ಬರೆದದ್ದು. ಆ ಷರತ್ತುಗಳಲ್ಲಿ ಒಂದನ್ನು ಬದಲಿಸಿದರೂ ಸಂಖ್ಯೆಗೆ ಅರ್ಥ ಉಳಿಯುವುದಿಲ್ಲ. ತೊಂದರೆ ಆಗುವುದು ಹೆಚ್ಚಾಗಿ ಇಲ್ಲೇ.

ಒಂದು ವಾರದ ಲೆಕ್ಕ

ಒಂದು ಹಸುವನ್ನು ತೆಗೆದುಕೊಳ್ಳೋಣ. ದಿನಕ್ಕೆ ಎರಡು ಹೊತ್ತು, 12 ಗಂಟೆಗೊಮ್ಮೆ ಕರೆಯುತ್ತಾರೆ. ಹೊತ್ತಿಗೆ 5 ಲೀಟರ್ ಹಾಲು. ಸೋಮವಾರ ಬೆಳಿಗ್ಗೆ ಒಂದು ಮೊಲೆಯ ಹಾಲಿನಲ್ಲಿ ಗರಣೆ ಕಾಣಿಸಿತು, ಮುಟ್ಟಿದರೆ ಬಿಸಿ, ಊತ. ಪಶುವೈದ್ಯರು ಬಂದು ನೋಡಿ ಮೂರು ಟ್ಯೂಬ್ ಬರೆದರು. ಮೊದಲನೆಯದು ಸೋಮವಾರ ಬೆಳಿಗ್ಗೆ 6ಕ್ಕೆ, ಮೊಲೆಯನ್ನು ಪೂರ್ತಿ ಕರೆದು ಬರಿದು ಮಾಡಿದ ಮೇಲೆ. ಎರಡನೆಯದು ಸಂಜೆ 6ಕ್ಕೆ. ಮೂರನೆಯದು ಮಂಗಳವಾರ ಬೆಳಿಗ್ಗೆ 6ಕ್ಕೆ. ಲೇಬಲ್ ಮೇಲೆ ಹಾಲಿಗೆ 72 ಗಂಟೆ ಎಂದಿದೆ ಎಂದುಕೊಳ್ಳಿ.

ಎಣಿಕೆ ಶುರುವಾಗುವುದು ಮಂಗಳವಾರ ಬೆಳಿಗ್ಗೆ 6ರಿಂದ, ಅಂದರೆ ಕೊನೆಯ ಟ್ಯೂಬಿನಿಂದ. 72 ಗಂಟೆ ಮುಗಿಯುವುದು ಶುಕ್ರವಾರ ಬೆಳಿಗ್ಗೆ 6ಕ್ಕೆ. ಶುಕ್ರವಾರ ಬೆಳಿಗ್ಗೆ ಐದೂವರೆಗೇ ಹಾಲು ಕರೆದರೆ? ಅವಧಿ ಇನ್ನೂ ಮುಗಿದಿಲ್ಲ, ಆ ಹಾಲೂ ಹೋಗಬೇಕು. ಮಾರಬಹುದಾದ ಮೊದಲ ಹಾಲು ಶುಕ್ರವಾರ ಸಂಜೆಯದು. ಔಷಧ ಹಾಕಿದ ಮೇಲೆ ಸೋಮವಾರ ಸಂಜೆಯಿಂದ ಶುಕ್ರವಾರ ಬೆಳಿಗ್ಗೆಯ ತನಕ ಎಂಟು ಹೊತ್ತಿನ ಹಾಲು, ಅಂದರೆ 40 ಲೀಟರ್ ಚೆಲ್ಲಬೇಕು. ಸೋಮವಾರ ಬೆಳಿಗ್ಗೆಯ ಗರಣೆ ಹಾಲು ಹೇಗಿದ್ದರೂ ಕುಡಿಯುವಂಥದ್ದಲ್ಲ.

ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಮೊದಲ ಟ್ಯೂಬಿನಿಂದ ಎಣಿಸುವುದು. ಸೋಮವಾರ ಬೆಳಿಗ್ಗೆಯಿಂದ 72 ಗಂಟೆ ಅಂದುಕೊಂಡರೆ ಗುರುವಾರ ಬೆಳಿಗ್ಗೆಯೇ ಹಾಲು ಮಾರಾಟಕ್ಕೆ ಹೋಗುತ್ತದೆ. ವ್ಯತ್ಯಾಸ ಒಂದೇ ದಿನದ್ದು, ಏನು ಮಹಾ ಅನ್ನಿಸಬಹುದು. ಆ ಒಂದು ದಿನದಲ್ಲಿ ಹಾಲಿನೊಳಗೆ ಏನಾಗುತ್ತದೆ ಎಂದು ನೋಡಬೇಕಾದರೆ ಔಷಧ ಇಳಿಯುವ ರೀತಿ ಗೊತ್ತಿರಬೇಕು.

ಔಷಧ ದಿನಕ್ಕಿಷ್ಟು ಮೈಕ್ರೋಗ್ರಾಂ ಎಂದು ಸಮನಾಗಿ ಇಳಿಯುವುದಿಲ್ಲ. ಇಷ್ಟು ಗಂಟೆಗೆ ಅರ್ಧ, ಮತ್ತೆ ಅಷ್ಟೇ ಗಂಟೆಗೆ ಉಳಿದದ್ದರಲ್ಲಿ ಅರ್ಧ, ಹೀಗೆ ಇಳಿಯುತ್ತದೆ. ಅರ್ಥ ಆಗಲಿ ಎಂದು ಒಂದು ಸರಳ ಲೆಕ್ಕ ಹಾಕೋಣ. ಕೊನೆಯ ಟ್ಯೂಬಿನ ನಂತರದ ಮೊದಲ ಹೊತ್ತಿನ ಹಾಲಿನಲ್ಲಿ ಕಿಲೋಗೆ 16,000 ಮೈಕ್ರೋಗ್ರಾಂ ಔಷಧ ಇದೆ ಎಂದಿಟ್ಟುಕೊಳ್ಳಿ. 5 ಲೀಟರಿಗೆ ಅದು 80 ಮಿಲಿಗ್ರಾಂ ಆಯಿತು, ಒಂದು ಟ್ಯೂಬಿನ ಅರ್ಧಕ್ಕಿಂತ ಕಡಿಮೆ. ನಮ್ಮ ಹಸುವಿನಲ್ಲಿ 4 ಗಂಟೆಗೊಮ್ಮೆ ಔಷಧ ಅರ್ಧವಾಗುತ್ತದೆ ಅನ್ನೋಣ. ಆಗ ಪ್ರತಿ ಹೊತ್ತಿಗೂ ಅದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮಂಗಳವಾರ ಸಂಜೆ 16,000. ಬುಧವಾರ ಬೆಳಿಗ್ಗೆ 2,000. ಬುಧವಾರ ಸಂಜೆ 250. ಗುರುವಾರ ಬೆಳಿಗ್ಗೆ 31. ಗುರುವಾರ ಸಂಜೆ 4. ಶುಕ್ರವಾರ ಬೆಳಿಗ್ಗೆ ಅರ್ಧ ಮೈಕ್ರೋಗ್ರಾಂ.

ಮೊದಲ ಟ್ಯೂಬಿನಿಂದ ಎಣಿಸಿದವರು ಗುರುವಾರ ಬೆಳಿಗ್ಗೆ ಮಾರಿದ ಹಾಲಿನಲ್ಲಿ ಇರುವುದು ಮಿತಿಯ ಹತ್ತಿರಹತ್ತಿರ ಎಂಟು ಪಟ್ಟು ಔಷಧ. ಹಾಲು ನೋಡಲು ಬೆಳ್ಳಗೆ ಚೆನ್ನಾಗಿದೆ, ಗರಣೆ ಇಲ್ಲ, ವಾಸನೆ ಇಲ್ಲ, ಹಸು ಹುಷಾರಾಗಿದೆ. ಬಾವು ಇಳಿದಿದೆ ಎಂಬುದಕ್ಕೂ ಔಷಧ ಇಳಿದಿದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಬಹಳಷ್ಟು ಹಾಲು ಬೇಗ ಕ್ಯಾನಿಗೆ ಬೀಳುತ್ತದೆ.

ಸಂಖ್ಯೆ ಎಲ್ಲಿಂದ ಬಂತು

ಮೇಲಿನ ಲೆಕ್ಕದಲ್ಲಿ 60 ಗಂಟೆಗೇ ಔಷಧ ಮಿತಿಗೆ ಇಳಿಯಿತಲ್ಲ, ಹಾಗಾದರೆ 72 ಏಕೆ? ಏಕೆಂದರೆ ಎಲ್ಲ ಹಸುಗಳೂ ಒಂದೇ ವೇಗದಲ್ಲಿ ಔಷಧ ಹೊರಹಾಕುವುದಿಲ್ಲ. ಔಷಧಕ್ಕೆ ಅನುಮತಿ ಪಡೆಯುವ ಮೊದಲು ಕಂಪನಿ ಸಾಮಾನ್ಯವಾಗಿ 20 ಹಸುಗಳಿಗಾದರೂ ಲೇಬಲ್‌ನಲ್ಲಿರುವ ಅತಿ ಹೆಚ್ಚಿನ ಡೋಸನ್ನೇ ಕೊಟ್ಟು, ಹೊತ್ತು ಹೊತ್ತಿನ ಹಾಲನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅವುಗಳ ಸರಾಸರಿ ನೋಡಿ ಅವಧಿ ಬರೆಯುವುದಿಲ್ಲ. ನೂರು ಹಸುಗಳಲ್ಲಿ 95 ಅಥವಾ 99 ಹಸುಗಳ ಹಾಲು ಮಿತಿಯೊಳಗೆ ಬಂದಿರುತ್ತದೆ ಎಂದು ಭರವಸೆಯಿಂದ ಹೇಳಬಹುದಾದ ಹೊತ್ತನ್ನು ಲೆಕ್ಕ ಹಾಕುತ್ತಾರೆ. 95 ಯುರೋಪಿನ ಪದ್ಧತಿ, 99 ಅಮೆರಿಕದ್ದು. ಅಂದರೆ ಆ ಸಂಖ್ಯೆಯನ್ನು ನಿಧಾನದ ಹಸುವಿಗಾಗಿಯೇ ಇಟ್ಟಿರುತ್ತಾರೆ.

ಆದರೆ ಆ ಪರೀಕ್ಷೆಗೆ ಬಳಸುವುದು ಹೆಚ್ಚಾಗಿ ಆರೋಗ್ಯವಂತ ಹಸುಗಳನ್ನು. ನಾವು ಔಷಧ ಕೊಡುವುದು ಕಾಯಿಲೆ ಬಿದ್ದ ಹಸುವಿಗೆ. ಜ್ವರ ಬಂದು ನೀರು ಮೇವು ಬಿಟ್ಟ ಹಸುವಿನ ಮೂತ್ರಪಿಂಡ ನಿಧಾನವಾಗಿ ಕೆಲಸ ಮಾಡುತ್ತದೆ. ಹಾಲು ಕಡಿಮೆಯಾದಾಗ ಹಾಲಿನ ಜೊತೆ ಔಷಧ ತೊಳೆದುಹೋಗುವುದೂ ಕಡಿಮೆಯಾಗುತ್ತದೆ. ಅದೇ ಲೆಕ್ಕದಲ್ಲಿ 4 ಗಂಟೆಯ ಬದಲು 6 ಗಂಟೆಗೊಮ್ಮೆ ಔಷಧ ಅರ್ಧವಾಗುವ ಹಸುವನ್ನು ಇಟ್ಟು ನೋಡಿ. 72 ಗಂಟೆಗೆ ಅದರ ಹಾಲಿನಲ್ಲಿ ಕಿಲೋಗೆ ಸುಮಾರು 16 ಮೈಕ್ರೋಗ್ರಾಂ ಉಳಿದಿರುತ್ತದೆ, ಮಿತಿಯ ನಾಲ್ಕು ಪಟ್ಟು. ಅದು ಮಿತಿಗೆ ಇಳಿಯಲು 84 ಗಂಟೆ ಬೇಕು. ತುಂಬಾ ಸೊರಗಿದ ಹಸುವಿಗೆ ಲೇಬಲ್‌ನ ಅವಧಿ ಸಾಕೋ ಸಾಲದೋ ಎಂದು ಪಶುವೈದ್ಯರನ್ನು ಕೇಳಲೇಬೇಕು ಎನ್ನುವುದು ಇದಕ್ಕೇ.

ಡೋಸ್ ಹೆಚ್ಚಿಸಿದರೆ ಏನಾಗುತ್ತದೆ? ಎರಡು ಪಟ್ಟು ಔಷಧ ಅಂದರೆ ಒಂದು ಸಲ ಹೆಚ್ಚಿಗೆ ಅರ್ಧವಾಗಬೇಕು, ನಮ್ಮ ಹಸುವಿನಲ್ಲಿ ಇನ್ನೊಂದು 4 ಗಂಟೆ. ಕಾಗದದ ಮೇಲೆ ಇದು ಚಿಕ್ಕದಾಗಿ ಕಾಣುತ್ತದೆ. ಆದರೆ ಡೋಸ್ ಹೆಚ್ಚಿಸುವುದು ಯಾವ ಹಸುವಿಗೆ? ವಾಸಿಯಾಗದೆ ಬಳಲುತ್ತಿರುವ ಹಸುವಿಗೆ. ಅದೇ ನಿಧಾನದ ಹಸು. ಅದಕ್ಕೇ ಎರಡು ಟ್ಯೂಬ್ ಒಟ್ಟಿಗೆ ಏರಿಸಿ, ಮೂರರ ಬದಲು ಐದು ಸಲ ಕೊಟ್ಟು, ಜೊತೆಗೆ ಬೇರೊಂದು ಇಂಜೆಕ್ಷನ್ನೂ ಕೊಟ್ಟರೆ, ಡಬ್ಬಿಯ ಮೇಲಿನ 72 ಯಾರಿಗೂ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಒಂದು ಪ್ರಾಣಿಗೆ ಬರೆದ ಅವಧಿ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಹಸುವಿನ ಟ್ಯೂಬನ್ನು ಮೇಕೆಗೆ ಹಾಕಿ ಹಸುವಿನ ಗಂಟೆಗಳನ್ನೇ ಎಣಿಸುವವರಿದ್ದಾರೆ. ಮೇಕೆಯ ಕೆಚ್ಚಲು ಚಿಕ್ಕದು, ಹಾಲು ಕಡಿಮೆ, ಔಷಧ ಇಳಿಯುವ ವೇಗ ಬೇರೆ. ಯುರೋಪಿನ 2019ರ ಪಶು ಔಷಧ ಕಾನೂನಿನಲ್ಲಿ ಇಂಥ ಸಂದರ್ಭಕ್ಕೆ ಒಂದು ದಾರಿ ಇದೆ. ಲೇಬಲ್‌ನಲ್ಲಿಲ್ಲದ ರೀತಿಯಲ್ಲಿ ವೈದ್ಯರು ಔಷಧ ಬಳಸಿದರೆ ಲೇಬಲ್‌ನಲ್ಲಿರುವ ಅತಿ ಉದ್ದದ ಅವಧಿಯ ಒಂದೂವರೆ ಪಟ್ಟಾದರೂ ಕಾಯಬೇಕು. ಹಾಲು ಕೊಡುವ ಪ್ರಾಣಿಗಳಿಗೆ ಅನುಮತಿಯೇ ಇಲ್ಲದ ಔಷಧವಾದರೆ ಹಾಲಿಗೆ ಕನಿಷ್ಠ 7 ದಿನ.

ಔಷಧ ಹೋಗುವ ದಾರಿಯೂ ಅಷ್ಟೇ ಮುಖ್ಯ. ಸೆಫ್ಟಿಯೋಫರ್ ಎಂಬ ಆಂಟಿಬಯೋಟಿಕ್ಕಿನ ಕೆಲವು ಇಂಜೆಕ್ಷನ್‌ಗಳ ಲೇಬಲ್ ಮೇಲೆ ಹಾಲಿಗೆ ಸೊನ್ನೆ ಗಂಟೆ ಎಂದಿರುತ್ತದೆ. ಚರ್ಮದಡಿ ಅಥವಾ ಮಾಂಸಖಂಡಕ್ಕೆ ಕೊಟ್ಟಾಗ ಅದು ಕೆಚ್ಚಲಿಗೆ ಬಹಳ ಕಡಿಮೆ ತಲುಪುತ್ತದೆ, ಅದೂ ಮಿತಿಗಿಂತ ಕೆಳಗೆ. ಅದೇ ಔಷಧ ಮೊಲೆಗೆ ಏರಿಸುವ ಟ್ಯೂಬಿನಲ್ಲಿ ಬಂದಾಗ ಅಮೆರಿಕದ ಲೇಬಲ್ 72 ಗಂಟೆ ಹಾಲು ಚೆಲ್ಲಿ ಎನ್ನುತ್ತದೆ. ಹೆಸರು ಒಂದೇ, ಅವಧಿ ಬೇರೆ. ಹಾಗಾಗಿ ಓದಬೇಕಾದದ್ದು ಔಷಧದ ಹೆಸರನ್ನಲ್ಲ, ಕೈಯಲ್ಲಿರುವ ಆ ಡಬ್ಬಿಯನ್ನು.

ಒಂದೇ ಮೊಲೆಗೆ ಹಾಕಿದ್ದು, ಉಳಿದ ಮೂರರ ಹಾಲು ಏಕೆ ಹೋಗಬೇಕು?

ಈ ಪ್ರಶ್ನೆ ಕೇಳದವರಿಲ್ಲ, ನ್ಯಾಯವಾದ ಪ್ರಶ್ನೆಯೇ. ಕೆಚ್ಚಲಿನ ನಾಲ್ಕು ಭಾಗಗಳೂ ಬೇರೆ ಬೇರೆ, ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಆದರೆ ರಕ್ತ ಎಲ್ಲಕ್ಕೂ ಒಂದೇ. ಟ್ಯೂಬಿನಿಂದ ಒಳಗೆ ಹೋದ ಔಷಧದ ಒಂದು ಪಾಲನ್ನು ಬಾವು ಬಂದ ಭಾಗದ ರಕ್ತನಾಳಗಳು ಹೀರಿಕೊಳ್ಳುತ್ತವೆ. ಅದು ಮೈಯೆಲ್ಲ ಸುತ್ತಿ ಉಳಿದ ಮೂರು ಭಾಗಗಳ ಹಾಲಿಗೂ ಇಳಿಯುತ್ತದೆ. ಬರುವುದು ಬಹಳ ಕಡಿಮೆಯೇ. ಆದರೆ ಮಿತಿ ಕಿಲೋಗೆ 4 ಮೈಕ್ರೋಗ್ರಾಂ ಆಗಿರುವಾಗ ಬಹಳ ಕಡಿಮೆ ಎನ್ನುವುದೂ ಸಾಕಷ್ಟಾಗಿಬಿಡುತ್ತದೆ. ಇದರ ಮೇಲೆ ಅದೇ ಕೈ, ಅದೇ ಪಾತ್ರೆ, ಅದೇ ಹಾಲು ಕರೆಯುವ ಯಂತ್ರ. ಔಷಧ ಹಾಕಿದ ಹಸುವನ್ನು ಎಲ್ಲಕ್ಕಿಂತ ಕೊನೆಗೆ, ಬೇರೆ ಪಾತ್ರೆಗೆ ಕರೆಯಬೇಕು ಎನ್ನುವುದರ ಹಿಂದಿರುವುದೂ ಈ ಮೈಕ್ರೋಗ್ರಾಂ ಲೆಕ್ಕವೇ.

ಹಸು ಹಾಲು ಬತ್ತಿಸುವಾಗ ಹಾಕುವ ಟ್ಯೂಬ್‌ಗಳದ್ದು ಇನ್ನೊಂದು ಕಥೆ. ಅವು ವಾರಗಟ್ಟಲೆ ಕೆಚ್ಚಲಿನಲ್ಲೇ ಉಳಿಯಲಿ ಎಂದೇ ಮಾಡಿದವು. ಹಾಲು ಕರೆಯುವ ಹಸುವಿಗೆ ಅವನ್ನು ತಪ್ಪಿ ಹಾಕಿದರೆ 72 ಗಂಟೆಯ ಮಾತೇ ಇಲ್ಲ. ಹಸು ಎಣಿಸಿದ್ದಕ್ಕಿಂತ ಬೇಗ ಈದುಬಿಟ್ಟರೂ ಅಷ್ಟೇ. ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕೆಚ್ಚಲು ಬತ್ತಿರಲಿಲ್ಲವಾದ್ದರಿಂದ ಈದ ಮೇಲೂ ಔಷಧ ಹಾಲಿನಲ್ಲಿ ಬರುತ್ತಿರುತ್ತದೆ.

ಬೆರೆಸಿದರೆ, ಕುದಿಸಿದರೆ

ಒಂದು ಹಸುವಿನ ಹಾಲು ತಾನೇ, ದೊಡ್ಡ ಟ್ಯಾಂಕಿನಲ್ಲಿ ಬೆರೆತರೆ ಕಾಣುವುದೇ ಇಲ್ಲ ಎನ್ನುತ್ತಾರೆ. ಈ ಮಾತು ಕೆಲವೊಮ್ಮೆ ನಿಜ, ಅದಕ್ಕೇ ಅಭ್ಯಾಸ ಬಿಡುವುದಿಲ್ಲ. ನಮ್ಮ ಲೆಕ್ಕದ ಗುರುವಾರ ಬೆಳಿಗ್ಗೆಯ 5 ಲೀಟರನ್ನು ಮಿತಿಗೆ ಇಳಿಸಲು ಒಟ್ಟು 40 ಲೀಟರ್ ಹಾಲು ಸಾಕು. ಆದರೆ ಮಂಗಳವಾರ ಸಂಜೆಯ 5 ಲೀಟರಿಗೆ 20,000 ಲೀಟರ್ ಬೇಕು. ಅದು ಒಂದು ದೊಡ್ಡ ಟ್ಯಾಂಕರ್ ತುಂಬ ಹಾಲು. ಹಾಲು ಕೊಟ್ಟವರಿಗೆ ತಮ್ಮದು ಯಾವ ಬಗೆಯದು ಎಂದು ತಿಳಿಯುವ ದಾರಿ ಇಲ್ಲ. ಅದೇ ಟ್ಯಾಂಕಿಗೆ ಬೇರೆ ಯಾರ್ಯಾರು ಹೀಗೇ ಅಂದುಕೊಂಡು ಹಾಕಿದ್ದಾರೆ ಎಂಬುದೂ ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಚೆಲ್ಲುವುದು 5 ಲೀಟರ್ ಅಲ್ಲ, ಟ್ಯಾಂಕಿನ ಅಷ್ಟೂ ಹಾಲು. ಏನೂ ತಪ್ಪು ಮಾಡದವರ ಹಾಲು ಕೂಡ. ಇನ್ನು ಮಾರಲಾಗದ ಹಾಲನ್ನು ಮನೆಯಲ್ಲಿ ಬಳಸಿಕೊಂಡರೆ ಬೆರಕೆಯೇ ಇಲ್ಲ, ಪೂರ್ತಿ ಔಷಧ ಮನೆಯವರಿಗೇ.

ಕುದಿಸಿದರೆ ಹೋಗುತ್ತದೆ ಎನ್ನುವುದಂತೂ ಗಟ್ಟಿಯಾಗಿ ಬೇರೂರಿದ ತಪ್ಪು ತಿಳಿವಳಿಕೆ. ಕುದಿತ ಸಾಯಿಸುವುದು ಜೀವಾಣುಗಳನ್ನು. ಔಷಧ ಜೀವಾಣುವಲ್ಲ, ಒಂದು ರಾಸಾಯನಿಕ. ಪ್ಯಾಶ್ಚರೀಕರಣದ ಬಿಸಿಗೆ ಪೆನ್ಸಿಲಿನ್ ಜಾತಿಯ ಔಷಧಗಳು ಬಹುಪಾಲು ಹಾಗೇ ಉಳಿಯುತ್ತವೆ. ಮನೆಯಲ್ಲಿ ಒಂದು ಉಕ್ಕು ಬರಿಸಿದರೂ ಸ್ವಲ್ಪ ಮಾತ್ರ ಕಡಿಮೆಯಾಗಬಹುದು. ಸಲ್ಫಾ ಔಷಧಗಳು, ಜೆಂಟಾಮೈಸಿನ್, ಎನ್ರೋಫ್ಲಾಕ್ಸಾಸಿನ್ ಇವೆಲ್ಲ ಬಿಸಿಯನ್ನು ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತವೆ. ಫ್ರಿಜ್ಜಿನಲ್ಲಿಟ್ಟು ಕಾಯುವುದರಿಂದಲೂ ಪ್ರಯೋಜನವಿಲ್ಲ. ಅವಧಿ ಓಡುವುದು ಪ್ರಾಣಿಯ ಮೈಯೊಳಗೆ ಮಾತ್ರ, ಕರೆದಿಟ್ಟ ಹಾಲಿನಲ್ಲಲ್ಲ.

4 ಮೈಕ್ರೋಗ್ರಾಂ ಏಕೆ ಅಷ್ಟು ಬಿಗಿ?

ಪೆನ್ಸಿಲಿನ್‌ಗೆ ಈ ಮಿತಿ ಬಂದ ದಾರಿ ತಿಳಿಯುವುದು ಒಳ್ಳೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 1990ರಲ್ಲಿ ಇದನ್ನು ಪರಿಶೀಲಿಸಿತು. ಅವರ ಮುಂದಿದ್ದ ದೊಡ್ಡ ಚಿಂತೆ ಅಲರ್ಜಿ. ಪೆನ್ಸಿಲಿನ್ ಅಲರ್ಜಿ ಇರುವವರಿಗೆ 40 ಮೈಕ್ರೋಗ್ರಾಂಗಿಂತ ಕಡಿಮೆ ತಿಂದಾಗಲೂ ಪ್ರತಿಕ್ರಿಯೆ ಆದ ಪ್ರಕರಣಗಳು ದಾಖಲಾಗಿದ್ದವು. ಹಾಗಾಗಿ ಆಹಾರದ ಮೂಲಕ ಒಬ್ಬರಿಗೆ ದಿನಕ್ಕೆ 30 ಮೈಕ್ರೋಗ್ರಾಂ ದಾಟಬಾರದು ಎಂದರು.

ಈ 30ನ್ನು ಹಾಲಿಗೂ ಮಾಂಸಕ್ಕೂ ಹಂಚಬೇಕು. ಲೆಕ್ಕಕ್ಕೆ ಒಬ್ಬರು ದಿನಕ್ಕೆ ಒಂದೂವರೆ ಲೀಟರ್ ಹಾಲು, 300 ಗ್ರಾಂ ಮಾಂಸ, 100 ಗ್ರಾಂ ಯಕೃತ್ತು, 50 ಗ್ರಾಂ ಮೂತ್ರಪಿಂಡ ತಿನ್ನುತ್ತಾರೆ ಎಂದು ಹಿಡಿಯುತ್ತಾರೆ. ಬೇಕೆಂದೇ ಹೆಚ್ಚಿಗೆ ಹಿಡಿದ ಲೆಕ್ಕ ಇದು. ಹಾಲಿಗೆ ಕಿಲೋಗೆ 4ರಂತೆ 6 ಮೈಕ್ರೋಗ್ರಾಂ. ಮಾಂಸ ಮತ್ತು ಅಂಗಗಳಿಗೆ ಕಿಲೋಗೆ 50ರಂತೆ 450 ಗ್ರಾಂಗೆ 22.5. ಒಟ್ಟು 28.5. ಮೂವತ್ತರೊಳಗೆ ಸರಿಯಾಗಿ ಕೂತಿತು. ಈಗ ನಮ್ಮ ಗುರುವಾರ ಬೆಳಿಗ್ಗೆಯ ಹಾಲನ್ನು ನೋಡಿ. ಅದರ ಒಂದೇ ಲೀಟರಿನಲ್ಲಿ 31 ಮೈಕ್ರೋಗ್ರಾಂ. ಮಂಗಳವಾರ ಸಂಜೆಯ ಕಾಲು ಲೀಟರಿನ ಒಂದು ಲೋಟದಲ್ಲಿ 4,000, ಅಂದರೆ ನಾಲ್ಕು ತಿಂಗಳಿಗೂ ಮೀರಿದ ಪಾಲು ಒಂದೇ ಸಲಕ್ಕೆ.

ಅಲರ್ಜಿ ಇಲ್ಲದವರಿಗೆ ಆ ಲೋಟದಿಂದ ಅಂದೇ ಏನೂ ಆಗದೆ ಇರಬಹುದು. ಇದನ್ನು ಮುಚ್ಚಿಡುವುದು ಬೇಡ. ಅವರ ಮಟ್ಟಿಗೆ ಅಪಾಯ ಬೇರೆ ಕಡೆ ಇದೆ. ಕಾಯಿಲೆ ವಾಸಿ ಮಾಡಲು ಸಾಲದಷ್ಟು, ಆದರೆ ಸೂಕ್ಷ್ಮಾಣುಗಳಿಗೆ ತಾಗುವಷ್ಟು ಔಷಧ ಮತ್ತೆ ಮತ್ತೆ ಹೊಟ್ಟೆಗೆ ಬಂದರೆ, ಕರುಳಿನಲ್ಲಿ ಆ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳಿಗೆ ಜಾಗ ಸಿಗುತ್ತದೆ. ಉಳಿದವು ಸಾಯುತ್ತವೆ, ಅವು ಬೆಳೆಯುತ್ತವೆ. ಇನ್ನು ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್ ಔಷಧಗಳಿಗೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ ಎಂಬುದು ಕೋಡೆಕ್ಸ್ ನಿಲುವು. ಮಿತಿಯೇ ಇಲ್ಲದ ಮೇಲೆ ಇಷ್ಟು ದಿನ ಕಾದರೆ ಸಾಕು ಎಂದು ಹೇಳಲೂ ಆಗುವುದಿಲ್ಲ. ಆಹಾರದ ಪ್ರಾಣಿಗಳಿಗೆ ಅವನ್ನು ಕೊಡಲೇಬಾರದು.

ಮಾಂಸದಲ್ಲಿ ಔಷಧ ಅಡಗುವ ಎರಡು ಜಾಗ

ಹಾಲಿನ ಅವಧಿ ಗಂಟೆಗಳಲ್ಲಿದ್ದರೆ ಮಾಂಸದ್ದು ದಿನಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ. ಹಾಲಿನ ಜೊತೆ ಔಷಧ ದಿನಕ್ಕೆರಡು ಸಲ ಹೊರಗೆ ಬರುತ್ತದೆ. ಮಾಂಸದಿಂದ ಅದು ತಾನಾಗಿಯೇ ಕರಗಿ ಹೋಗಬೇಕು.

ಮೊದಲ ಜಾಗ ಸೂಜಿ ಚುಚ್ಚಿದ್ದು. ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ತೆಗೆದುಕೊಳ್ಳಿ. ಮಿಲಿಲೀಟರಿಗೆ 200 ಮಿಲಿಗ್ರಾಂ ಇರುವ ಔಷಧ, ದೇಹತೂಕದ ಕಿಲೋಗೆ 20 ಮಿಲಿಗ್ರಾಂ ಡೋಸ್. 400 ಕಿಲೋ ಹಸುವಿಗೆ 40 ಮಿಲಿಲೀಟರ್ ಬೇಕು. ಒಂದು ಜಾಗಕ್ಕೆ 10 ಮಿಲಿಲೀಟರಿಗಿಂತ ಹೆಚ್ಚು ಹಾಕಬಾರದು, ಹಾಗಾಗಿ ನಾಲ್ಕು ಕಡೆ ಚುಚ್ಚಬೇಕು. ಕೆಲಸ ಬೇಗ ಮುಗಿಯಲಿ ಎಂದು 40ನ್ನೂ ಒಂದೇ ಕಡೆ ಹಾಕಿದರೆ ಅಲ್ಲಿ ದೊಡ್ಡ ಗಡ್ಡೆಯಾಗಿ ನಿಲ್ಲುತ್ತದೆ. ಔಷಧ ನಾಲ್ಕು ಪಟ್ಟಾದರೂ ಅದನ್ನು ಸುತ್ತಲಿನ ರಕ್ತ ಮುಟ್ಟುವ ಮೇಲ್ಮೈ ಸುಮಾರು ಎರಡೂವರೆ ಪಟ್ಟು ಮಾತ್ರ ಹೆಚ್ಚುತ್ತದೆ. ಹೀರಿಕೊಳ್ಳುವುದು ನಿಧಾನವಾಗುತ್ತದೆ. ಈ ಬಗೆಯ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಮಾಂಸದ ಅವಧಿ 28 ದಿನ, ಅದೂ ಸರಿಯಾಗಿ ಹಂಚಿ ಕೊಟ್ಟಾಗ. ಹಸುವಿನ ಉಳಿದ ಮಾಂಸವೆಲ್ಲ ಸರಿಯಿದ್ದು ಆ ಒಂದು ಜಾಗದಲ್ಲಿ ಮಾತ್ರ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಔಷಧ ಉಳಿದಿರಬಹುದು.

ಎರಡನೆಯ ಜಾಗ ಮೂತ್ರಪಿಂಡ. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್‌ನಂಥ ಔಷಧಗಳು ಮೂತ್ರಪಿಂಡದ ಹೊರಪದರದ ಜೀವಕೋಶಗಳಿಗೆ ಅಂಟಿಕೊಂಡು ಕೂರುತ್ತವೆ. ರಕ್ತದಲ್ಲಿ, ಹಾಲಿನಲ್ಲಿ, ಮಾಂಸದಲ್ಲಿ ಎಲ್ಲೂ ಇಲ್ಲದಾದ ಮೇಲೂ ಅಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಜೆಂಟಾಮೈಸಿನ್ ಕೊಟ್ಟ ದನವನ್ನು ಮಾಂಸಕ್ಕೆ ಕಳಿಸಲು ಆಹಾರದಲ್ಲಿ ಉಳಿಯುವ ಔಷಧದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ತಜ್ಞರು ಕೊಡುವ ಸಲಹೆ 18 ತಿಂಗಳು ಕಾಯಿರಿ ಎಂದು. ದನಗಳಿಗೆ ಈ ಔಷಧ ಬೇಡ ಎಂದು ಹಲವು ಪಶುವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಮಾಂಸದಲ್ಲಿ ಔಷಧ ಸಿಗುವ ಪ್ರಾಣಿಗಳಲ್ಲಿ ಹಾಲು ಬಿಟ್ಟ ಹಸುಗಳು ಮತ್ತೆ ಮತ್ತೆ ಕಾಣಿಸುವುದರಲ್ಲಿ ಆಶ್ಚರ್ಯವಿಲ್ಲ. ಚಿಕಿತ್ಸೆ ಫಲಿಸಲಿಲ್ಲ, ಹಸು ಉಳಿಯುವಂತಿಲ್ಲ, ಸಾಯುವ ಮೊದಲು ಸ್ವಲ್ಪ ಹಣವಾದರೂ ಬರಲಿ ಎಂದು ಮಾರಿಬಿಡುತ್ತಾರೆ. ಆ ಕಷ್ಟ ಅರ್ಥವಾಗುತ್ತದೆ. ಆದರೆ ಅದು ನಾಲ್ಕು ದಿನ ಇಂಜೆಕ್ಷನ್ ತೆಗೆದುಕೊಂಡು, ನಿನ್ನೆಯಷ್ಟೇ ಕೊನೆಯದು ಬಿದ್ದ, ಮೂತ್ರಪಿಂಡ ಸೋತ ಪ್ರಾಣಿ. ಔಷಧ ಅತಿ ಹೆಚ್ಚು ಇರುವುದು ಅದರಲ್ಲೇ. ಹಸು ಬದುಕುವ ಸಾಧ್ಯತೆ ಕಡಿಮೆ ಎಂದಾದರೆ ಆ ಮಾತನ್ನು ವೈದ್ಯರ ಜೊತೆ ಆಡಬೇಕಾದದ್ದು ಮೊದಲ ಇಂಜೆಕ್ಷನ್‌ಗೆ ಮೊದಲು.

ಪರೀಕ್ಷೆ ಎಷ್ಟು ಹೇಳುತ್ತದೆ

ಹಾಲಿನಲ್ಲಿ ಔಷಧ ಪತ್ತೆ ಮಾಡುವ ಒಂದು ಹಳೆಯ, ಈಗಲೂ ಬಳಕೆಯಲ್ಲಿರುವ ಪರೀಕ್ಷೆ ಹೀಗಿದೆ. ಪುಟ್ಟ ಶೀಶೆಯಲ್ಲಿ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು, ಆಹಾರ, ಬಣ್ಣ ಇರುತ್ತವೆ. ಅದಕ್ಕೆ ಸ್ವಲ್ಪ ಹಾಲು ಹಾಕಿ ಸುಮಾರು 64 ಡಿಗ್ರಿ ಬಿಸಿಯಲ್ಲಿ ಮೂರು ಗಂಟೆಯ ಹತ್ತಿರ ಇಡುತ್ತಾರೆ. ಔಷಧ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಆಮ್ಲ ಬಿಡುತ್ತದೆ, ನೇರಳೆ ಬಣ್ಣ ಹಳದಿಯಾಗುತ್ತದೆ. ನೇರಳೆಯಾಗಿಯೇ ಉಳಿದರೆ ಏನೋ ಬೆಳವಣಿಗೆಯನ್ನು ತಡೆದಿದೆ ಎಂದರ್ಥ.

ಈ ಬ್ಯಾಕ್ಟೀರಿಯಾ ಪೆನ್ಸಿಲಿನ್‌ಗೆ ಬಹಳ ಬೇಗ ಸೋಲುತ್ತದೆ, ಅದಕ್ಕೇ ಇದನ್ನು ಆರಿಸಿದ್ದು. ಆದರೆ ಎನ್ರೋಫ್ಲಾಕ್ಸಾಸಿನ್‌ನಂಥ ಔಷಧ ಮಿತಿ ಮೀರಿ ಇದ್ದರೂ ಇದಕ್ಕೆ ಕಾಣದೆ ಹೋಗಬಹುದು. ಇನ್ನೊಂದು ಕಡೆ, ಕೆಚ್ಚಲು ಬಾವಿನ ಹಸುವಿನ ಹಾಲಿನಲ್ಲೂ ಗಿಣ್ಣು ಹಾಲಿನಲ್ಲೂ ಬ್ಯಾಕ್ಟೀರಿಯಾವನ್ನು ತಡೆಯುವ ಹಸುವಿನದೇ ಪ್ರೋಟೀನುಗಳು ಜಾಸ್ತಿ ಇರುತ್ತವೆ. ಆಗ ಔಷಧ ಇಲ್ಲದಿದ್ದರೂ ಶೀಶೆ ನೇರಳೆಯಾಗಿ ಉಳಿಯಬಹುದು. ಹಾಲಿಗೆ ಹೆಪ್ಪು ಹಾಕಿ ಗಟ್ಟಿಯಾದರೆ ಔಷಧ ಇಲ್ಲ ಎನ್ನುವ ಮನೆ ಪರೀಕ್ಷೆ ಇನ್ನೂ ಒರಟು. ಹಾಲು ಹೆಪ್ಪುಗಟ್ಟದೆ ಇದ್ದರೆ ಅನುಮಾನ ಪಡಬಹುದು, ಗಟ್ಟಿಯಾಯಿತೆಂದು ನಂಬುವಂತಿಲ್ಲ. ಹೆಪ್ಪಿನ ಸೂಕ್ಷ್ಮಾಣುಗಳು ಹಲವು ಔಷಧಗಳನ್ನು ಮಿತಿಗಿಂತ ಹೆಚ್ಚಿದ್ದರೂ ಸಹಿಸಿಕೊಳ್ಳುತ್ತವೆ. ಹಾಗಾಗಿ ಪರೀಕ್ಷೆಯಲ್ಲಿ ಪಾಸಾಯಿತು ಎಂದು ಗಡಿಯಾರವನ್ನು ಹಿಂದೆ ತಿರುಗಿಸುವಂತಿಲ್ಲ. ಲೇಬಲ್‌ನಲ್ಲಿಲ್ಲದ ರೀತಿಯಲ್ಲಿ ಔಷಧ ಕೊಟ್ಟಿದ್ದರೆ ಅವಧಿ ಮುಗಿದ ಮೇಲೆ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಚೆಲ್ಲುವುದು ಎಲ್ಲಿಗೆ?

40 ಲೀಟರ್ ಹಾಲು ಚೆಲ್ಲುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಆ ಹಾಲು ಕರುಗಳ ಹೊಟ್ಟೆಗೆ ಹೋಗುವುದು ಜಾಸ್ತಿ. ಇದು ಉಳಿತಾಯದಂತೆ ಕಂಡರೂ, ಇಂಥ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿತು. ಅದೇ ಕೊಟ್ಟಿಗೆಯಲ್ಲಿ ಆ ಬ್ಯಾಕ್ಟೀರಿಯಾ ಹರಡುತ್ತದೆ, ಮುಂದಿನ ವರ್ಷ ಅದೇ ಟ್ಯೂಬ್ ಕೆಲಸ ಮಾಡದೆ ಹೋಗಬಹುದು. ಆ ಕರುವನ್ನು ಬೇಗ ಮಾಂಸಕ್ಕೆ ಕಳಿಸಿದರೆ ಅದರ ಮೈಯಲ್ಲೂ ಔಷಧ ಇರುತ್ತದೆ, ಅದಕ್ಕೆ ಯಾವ ಲೇಬಲ್ಲೂ ಅವಧಿ ಬರೆದಿಲ್ಲ.

ಚರಂಡಿಗೆ ಸುರಿದರೆ ಹಾಲು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಕೊಳಚೆ ನೀರಿಗಿಂತ ನೂರಾರು ಪಟ್ಟು ಹೆಚ್ಚು ಹಾನಿ ಮಾಡಬಲ್ಲದು, ಜೊತೆಗೆ ಔಷಧ ಬೇರೆ. ದೊಡ್ಡ ಡೈರಿಗಳಲ್ಲಿ ಸಗಣಿ ಗುಂಡಿಗೆ ಬೆರೆಸಿ ತೆಳುವಾಗಿಸಿ ಕೆಲಕಾಲ ಬಿಡುತ್ತಾರೆ. ಎರಡು ಮೂರು ಹಸು ಇರುವವರು ಬಾವಿ, ಕೆರೆ, ಹಳ್ಳಗಳಿಂದ ದೂರ ಗೊಬ್ಬರದ ಗುಂಡಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬಹುದು. ಗೋಬರ್ ಗ್ಯಾಸ್ ತೊಟ್ಟಿಗೆ ಒಂದೇ ಸಲ ಸುರಿಯಬಾರದು. ಅಲ್ಲಿ ಕೆಲಸ ಮಾಡುವುದೂ ಬ್ಯಾಕ್ಟೀರಿಯಾಗಳೇ.

ಕೊನೆಗೆ ಬರವಣಿಗೆಯ ಮಾತು. ಯಾವ ಹಸು, ಯಾವ ಔಷಧ, ಎಷ್ಟು, ಕೊನೆಯ ಡೋಸ್ ಯಾವ ದಿನ ಎಷ್ಟು ಗಂಟೆಗೆ, ಹಾಲು ಯಾವ ಹೊತ್ತಿನಿಂದ ಸರಿ, ಮಾಂಸ ಯಾವ ತಾರೀಖಿನಿಂದ ಸರಿ. ಒಂದು ಸಾಲು ಸಾಕು. ಹಸುವಿನ ಹಿಂಗಾಲಿಗೆ ಬಣ್ಣದ ಪಟ್ಟಿ ಕಟ್ಟಿದರೆ ಹಾಲು ಕರೆಯುವವರು ಬದಲಾದ ದಿನವೂ ಕಣ್ಣಿಗೆ ಬೀಳುತ್ತದೆ. ಹಸುವನ್ನು ಮಾರಿದರೆ ಈ ಸಾಲೂ ಅದರ ಜೊತೆ ಹೋಗಬೇಕು. ಕೊಂಡವರಿಗೆ ಗೊತ್ತಾಗುವ ಬೇರೆ ದಾರಿಯೇ ಇಲ್ಲ, ಏಕೆಂದರೆ ಸೂಜಿ ಚುಚ್ಚಿದ ಜಾಗ ಹೊರಗಿನಿಂದ ಕಾಣುವುದಿಲ್ಲ.